ಓದುತ್ತ ಹೋದಂತೆ ಕಣ್ಣು ಸೋಲುವ ಫಾಂಟು: ಗೆರೆಯ ದಪ್ಪ-ತೆಳುವಿನಲ್ಲಿ ದೋಷ ಹುಡುಕುವ ಕ್ರಮ

ದೂರು ಏನು

ಶೀರ್ಷಿಕೆಯ ಗಾತ್ರದಲ್ಲಿ ನೋಡಿದಾಗ ಫಾಂಟು ಅಂದವಾಗಿರುತ್ತದೆ. ಪ್ರತಿಯೊಂದು ಅಕ್ಷರದ ಬಾಗೂ ತಲೆಕಟ್ಟಿನ ಕೊಂಡಿಯೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಅದೇ ಫಾಂಟಿನಲ್ಲಿ ಕೂಡಿಸಿದ ಪುಸ್ತಕದ ಹತ್ತಾರು ಪುಟಗಳನ್ನು ಓದಿದವರು ಕಣ್ಣು ಸೋಲುತ್ತದೆ, ಸಾಲು ತಪ್ಪುತ್ತದೆ, ಕೆಲವು ಪದಗಳನ್ನು ಎರಡೆರಡು ಸಲ ಓದಬೇಕಾಗುತ್ತದೆ ಎನ್ನುತ್ತಾರೆ. ಯಾವ ಅಕ್ಷರ ತೊಡಕಾಯಿತು ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ಅವರಿಗೆ ಆಗುವುದಿಲ್ಲ, ಏಕೆಂದರೆ ಓದುವವರು ಅಕ್ಷರವನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಆದ್ದರಿಂದ ಫಾಂಟು ಮಾಡಿದವರು ಅಥವಾ ಪುಟ ಕೂಡಿಸಿದವರು ತಮಗೆ ತೋಚಿದ್ದನ್ನು ತಿದ್ದುತ್ತಾರೆ. ಒಬ್ಬರು ಗಾತ್ರ ಹೆಚ್ಚಿಸುತ್ತಾರೆ, ಇನ್ನೊಬ್ಬರು ಇಡೀ ಫಾಂಟನ್ನು ಒಂದಿಷ್ಟು ದಪ್ಪ ಮಾಡುತ್ತಾರೆ, ದೂರು ಮಾತ್ರ ಉಳಿದೇ ಇರುತ್ತದೆ.

ಕನ್ನಡದ ಪಠ್ಯದಲ್ಲಿ ಈ ದೂರು ಬಂದಾಗ ಮೊದಲು ಅಳೆಯಬೇಕಾದದ್ದು ಸಾಲಿನಲ್ಲಿ ನಿಂತ ಮುಖ್ಯಾಕ್ಷರದ ಗೆರೆಯನ್ನಲ್ಲ, ಅದರ ಕೆಳಗಿರುವ ಒತ್ತಕ್ಷರದ ಅತಿ ತೆಳುವಾದ ಗೆರೆಯನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಖ್ಯಾಕ್ಷರವನ್ನು ಬರೆಯುವಾಗ ಕೈಗೆ ಸಾಕಷ್ಟು ಜಾಗವಿರುತ್ತದೆ, ಅಲ್ಲಿ ದಪ್ಪ ಮತ್ತು ತೆಳುವಿನ ಅಂತರ ಎಷ್ಟಿದ್ದರೂ ಚೆನ್ನಾಗಿಯೇ ಕಾಣುತ್ತದೆ. ಆ ಅಂತರ ತಾಳುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಅದೇ ರೂಪ ಕಿರಿದಾಗಿ ಸಾಲಿನ ಕೆಳಗೆ ಇಳಿದಾಗ. ಕನ್ನಡದಲ್ಲಿ ಒತ್ತಕ್ಷರ ಅಪರೂಪದ ವಸ್ತುವಲ್ಲ. ‘ಇಲ್ಲ’, ‘ಎಲ್ಲ’, ‘ಇದ್ದ’, ‘ಮತ್ತು’, ‘ಅಲ್ಲಿ’, ‘ಹತ್ತಿರ’ ಇವೆಲ್ಲ ಎಲ್ಲ ಪುಟಗಳಲ್ಲೂ ಬರುವ ಪದಗಳು, ಇವೆಲ್ಲವುಗಳಲ್ಲೂ ಒತ್ತು ಇದೆ.

ಮೊದಲು ಫಾಂಟಿನ ಹೊರಗಿನ ಕಾರಣಗಳನ್ನು ಕಳೆಯಿರಿ

ಅಕ್ಷರರೂಪವನ್ನು ಅಳೆಯಲು ಕೂರುವ ಮುನ್ನ ಮೂರು ಸಂಗತಿಗಳನ್ನು ಪರೀಕ್ಷಿಸಿ ಪಕ್ಕಕ್ಕಿಡಬೇಕು. ಮೊದಲನೆಯದು ಸಾಲಂತರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಷ್ಟು ಇಕ್ಕಟ್ಟಿದ್ದರೆ ಯಾವ ಫಾಂಟೂ ಸುಖವಾಗಿ ಓದಿಸಿಕೊಳ್ಳುವುದಿಲ್ಲ. ಎರಡನೆಯದು ನಕಲಿ ದಪ್ಪ. ಫಾಂಟಿನಲ್ಲಿ ಬೋಲ್ಡ್ ಇಲ್ಲದಿದ್ದರೆ ಬ್ರೌಸರು ತಾನೇ ಗೆರೆಗಳನ್ನು ಊದಿಸಿ ತೋರಿಸುತ್ತದೆ, ಆಗ ಒಳಜಾಗಗಳು ಮುಚ್ಚಿಕೊಳ್ಳುತ್ತವೆ, ಮತ್ತು ತಪ್ಪು ಫಾಂಟಿನದೇ ಎಂದು ನಾವು ಭಾವಿಸುತ್ತೇವೆ. ಮೂರನೆಯದು ಬೆರಕೆ. ಕೇಳಿದ ಫಾಂಟು ಸಿಗದೆ ಕೆಲವು ಪದಗಳು ಯಂತ್ರದಲ್ಲಿರುವ ಬೇರೆ ಫಾಂಟಿನಲ್ಲಿ ಬಂದಿರಬಹುದು. ಪರದೆಯ ಮೇಲೆ ಪರೀಕ್ಷಿಸುವಾಗ ಈ ನಿಯಮವನ್ನು ಹಾಕಿ ನೋಡಿದರೆ ಮೊದಲ ಎರಡು ಅನುಮಾನಗಳು ಬಗೆಹರಿಯುತ್ತವೆ:

```
p { line-height: 1.6; font-synthesis: none; }
```

ಆಮೇಲೆ ಅದೇ ಪಠ್ಯವನ್ನು ಬೇರೊಂದು ಫಾಂಟಿನಲ್ಲಿ ಕೂಡಿಸಿ ಪಕ್ಕದಲ್ಲಿಟ್ಟುಕೊಳ್ಳಬೇಕು. ನೋಟೋ ಸ್ಯಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡ ಎರಡೂ ಮುಕ್ತವಾಗಿ ಸಿಗುವುದರಿಂದ ಈ ಹೋಲಿಕೆಗೆ ಅನುಕೂಲ. ಮೊದಲನೆಯದರಲ್ಲಿ ಗೆರೆ ಬಹುಮಟ್ಟಿಗೆ ಸಮದಪ್ಪ, ಎರಡನೆಯದರಲ್ಲಿ ಏರಿಳಿತವಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಎರಡು ಫಾಂಟುಗಳಿಗೆ ಒಂದೇ ಪಾಯಿಂಟ್ ಗಾತ್ರ ಕೊಟ್ಟರೆ ಅಕ್ಷರಗಳು ಒಂದೇ ಗಾತ್ರದಲ್ಲಿ ಬರುವುದಿಲ್ಲ. ಪಾಯಿಂಟ್ ಗಾತ್ರ ಅಳೆಯುವುದು ಅಕ್ಷರ ಕೂರುವ ಚೌಕಟ್ಟನ್ನು, ಅಕ್ಷರವನ್ನಲ್ಲ. ಆದ್ದರಿಂದ ‘ದ’ ಅಕ್ಷರದ ಎತ್ತರ ಎರಡರಲ್ಲೂ ಸಮನಾಗುವವರೆಗೆ ಗಾತ್ರ ಹೊಂದಿಸಿಕೊಂಡು ಹೋಲಿಸಬೇಕು. ಹಾಗೆ ಹೊಂದಿಸಿದ ಮೇಲೆ ಇನ್ನೊಂದು ಫಾಂಟಿನ ಪುಟ ಸರಾಗವಾಗಿ ಓದಿಸಿಕೊಂಡು ನಿಮ್ಮ ಫಾಂಟಿನ ಪುಟ ಆಯಾಸ ತಂದರೆ ಮಾತ್ರ ದೋಷ ಅಕ್ಷರರೂಪದೊಳಗಿದೆ ಎನ್ನಬಹುದು.

ಒಂದೇ ದೂರು, ಎದುರುಬದುರು ಕಾರಣ

ಈ ಆಯಾಸಕ್ಕೆ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ. ಗೆರೆಯ ದಪ್ಪ ಮತ್ತು ತೆಳುವಿನ ಅಂತರ ಅತಿಯಾದರೆ ಓದುವ ಗಾತ್ರದಲ್ಲಿ ತೆಳು ಗೆರೆಗಳು ಮಾಸಿಹೋಗುತ್ತವೆ. ಅಕ್ಷರ ತುಂಡುತುಂಡಾಗಿ, ಬರಿಯ ದಪ್ಪ ಭಾಗಗಳ ಸಾಲಾಗಿ ಉಳಿಯುತ್ತದೆ. ಅಂತರ ತೀರಾ ಕಡಿಮೆಯಿದ್ದು ಗೆರೆ ಎಲ್ಲೆಡೆ ಒಂದೇ ದಪ್ಪವಾಗಿದ್ದರೆ, ಎರಡು ಮೂರು ಗೆರೆಗಳು ಸೇರುವ ಕಡೆ ಮಸಿ ಕಟ್ಟಿದಂತಾಗುತ್ತದೆ. ‘ಕ’ದ ನಡುವಿನ ಕೂಡುವಿಕೆ, ‘ಷ’ದ ಒಳಗಿನ ಗೆರೆ ಮೈಗೆ ತಾಗುವ ಮೂಲೆ, ‘ಘ’ದ ಅಕ್ಕಪಕ್ಕದ ಬಾಗುಗಳು ಸಂಧಿಸುವ ಜಾಗ, ಇವು ಮೊದಲು ಕಪ್ಪಾಗುವ ಸ್ಥಳಗಳು. ಮೊದಲ ಬಗೆಯ ಫಾಂಟನ್ನು ದಪ್ಪ ಮಾಡಿದರೆ ಒಂದಿಷ್ಟು ಉಪಶಮನವಾಗುತ್ತದೆ, ಎರಡನೆಯ ಬಗೆಯದನ್ನು ದಪ್ಪ ಮಾಡಿದರೆ ಕೆಡುತ್ತದೆ.

ಯಾವುದು ಎಂದು ತಿಳಿಯುವ ಬಗೆ ಸುಲಭ. ಒಂದು ಪುಟ ಪಠ್ಯವನ್ನು ಓದುವ ಗಾತ್ರದಲ್ಲೇ ಮುದ್ರಿಸಿ, ಓದುವುದಕ್ಕಿಂತ ಎರಡರಷ್ಟು ದೂರದಲ್ಲಿ ಹಿಡಿದು ಅರೆಗಣ್ಣಿನಿಂದ ನೋಡಬೇಕು. ಪರದೆಯಲ್ಲಾದರೆ ಪುಟದ ಚಿತ್ರ ತೆಗೆದು ಯಾವುದೇ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮಸುಕುಗೊಳಿಸಬಹುದು. ಅಕ್ಷರಗಳು ಓದಲು ಬಾರದಷ್ಟು ಕರಗಿದಾಗ ಪುಟ ಸಮನಾದ ಬೂದುಬಣ್ಣದ ಪಟ್ಟಿಗಳಾಗಿ ಕಾಣಬೇಕು. ಪಟ್ಟಿಗಳಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆಗಳಿದ್ದರೆ ಗೆರೆಗಳು ಸೇರುವ ಕಡೆ ಮಸಿ ಕಟ್ಟಿದೆ. ಪಟ್ಟಿಗಳ ಕೆಳಗೆ ತಿಳಿಬೂದು ಬಣ್ಣದ ನೆರಳು ಮಾತ್ರ ಇದ್ದು, ಒತ್ತಕ್ಷರಗಳು ಇರಬೇಕಾದ ಜಾಗ ಖಾಲಿಯಂತೆ ಕಂಡರೆ ತೆಳು ಗೆರೆ ಮಾಸಿದೆ. ‘ಬ’, ‘ಲ’, ‘ಜ’, ‘ಣ’ ಅಕ್ಷರಗಳಿಗೆ ತಲೆಕಟ್ಟಿಲ್ಲದಿರುವುದರಿಂದ ಅವು ಬಂದ ಕಡೆ ಪಟ್ಟಿಯ ಮೇಲಂಚು ಒಂದಿಷ್ಟು ತಿಳಿಯಾಗುವುದು ಸಹಜ, ಅದನ್ನು ದೋಷವೆಂದು ಎಣಿಸಬಾರದು. ಲಿಪಿಯ ಸ್ವಭಾವವೇ ಹಾಗಿದೆ, ಮತ್ತು ಆ ಏರುಪೇರು ಪದದ ಆಕಾರ ಗುರುತಿಸಲು ನೆರವಾಗುತ್ತದೆ ಕೂಡ.

ಇಲ್ಲಿಂದ ಮುಂದೆ ಮೊದಲ ಬಗೆಯ ದೋಷವನ್ನೇ, ಅಂದರೆ ಮಾಸುವ ಗೆರೆಯನ್ನೇ ವಿವರವಾಗಿ ನೋಡುತ್ತೇನೆ. ಪುಸ್ತಕಕ್ಕೆಂದು ಮಾಡಿದ ಫಾಂಟುಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಅದೇ, ಮತ್ತು ಫಾಂಟು ಮಾಡುವವರ ಕಣ್ಣಿಗೆ ತಪ್ಪಿಸಿಕೊಳ್ಳುವುದೂ ಅದೇ, ಏಕೆಂದರೆ ಅವರು ಅಕ್ಷರವನ್ನು ಪರದೆಯ ತುಂಬ ದೊಡ್ಡದಾಗಿ ಹಿಗ್ಗಿಸಿಕೊಂಡು ಕೆಲಸ ಮಾಡುತ್ತಾರೆ.

ಅಳತೆ: ಒಂದು ಉದಾಹರಣೆ

ಒಂದು ಪಠ್ಯದ ಫಾಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಚೌಕಟ್ಟು 1000 ಯೂನಿಟ್. ಅಡಿಗೆರೆಯಿಂದ ತಲೆಕಟ್ಟಿನ ಮೇಲ್ತುದಿಯವರೆಗೆ 560 ಯೂನಿಟ್, ತಲೆಕಟ್ಟನ್ನು ಬಿಟ್ಟರೆ ಅಕ್ಷರದ ಮೈ 430 ಯೂನಿಟ್, ಗುಡಿಸಿನ ತುದಿಯವರೆಗೆ 700 ಯೂನಿಟ್. ಬಾಗುಗಳ ಪಕ್ಕದಲ್ಲಿ ಗೆರೆ ದಪ್ಪವಾಗಿ 92 ಯೂನಿಟ್, ಮೇಲೂ ಅಡಿಯಲ್ಲೂ ತೆಳುವಾಗಿ 34 ಯೂನಿಟ್ ಇದೆ. ಅಂದರೆ ದಪ್ಪ ತೆಳುವಿನ ಸುಮಾರು 2.7 ಪಟ್ಟು. ಇಷ್ಟನ್ನು ಫಾಂಟ್‌ಫೋರ್ಜಿನಂಥ ಯಾವುದೇ ಫಾಂಟ್ ತಿದ್ದುವ ತಂತ್ರಾಂಶದ ಅಳತೆಪಟ್ಟಿಯಿಂದ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಅಳೆಯುವಾಗ ಗೆರೆಗೆ ಲಂಬವಾಗಿ ಅಳೆಯಬೇಕು. ಓರೆಯಾಗಿ ಅಳೆದರೆ ತೆಳು ಗೆರೆಯೂ ದಪ್ಪವೆಂದು ತೋರುತ್ತದೆ.

ಇನ್ನು ಒತ್ತಕ್ಷರಕ್ಕೆ ಬರೋಣ. ಕನ್ನಡದ ಒತ್ತುಗಳಲ್ಲಿ ಎರಡು ಬಗೆಯಿದೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಮುಖ್ಯಾಕ್ಷರಕ್ಕಿಂತ ಬೇರೆಯೇ ಆದ ಆಕಾರವಿರುವುದರಿಂದ ಅವನ್ನು ಹೊಸದಾಗಿ ಬರೆಯಲೇಬೇಕು. ಆದರೆ ಗ, ಡ, ದ, ಪ ಮುಂತಾದವುಗಳ ಒತ್ತು ಎಂದರೆ ತಲೆಕಟ್ಟು ತೆಗೆದ ಅದೇ ಅಕ್ಷರದ ಕಿರಿಯ ರೂಪ. ಇಲ್ಲಿಯೇ ಮೋಸ ಹೋಗುವುದು. ಮುಖ್ಯಾಕ್ಷರವನ್ನು ನಕಲು ಮಾಡಿ, ತಲೆಕಟ್ಟು ಅಳಿಸಿ, ಕುಗ್ಗಿಸಿ ಕೆಳಗಿಟ್ಟರೆ ಕೆಲಸ ಮುಗಿಯಿತು ಎನಿಸುತ್ತದೆ. ನಮ್ಮ ಉದಾಹರಣೆಯ ಫಾಂಟಿನಲ್ಲಿ ಹೀಗೆ ನೂರಕ್ಕೆ 58ರಷ್ಟಕ್ಕೆ ಕುಗ್ಗಿಸಲಾಗಿದೆ. ಆಕಾರ ಕುಗ್ಗಿದಾಗ ಗೆರೆಯೂ ಕುಗ್ಗುತ್ತದೆ: 92 ಇದ್ದದ್ದು 53 ಆಗಿದೆ, 34 ಇದ್ದದ್ದು 20 ಆಗಿದೆ.

ಈ 20 ಯೂನಿಟ್ ಓದುಗರ ಕಣ್ಣಿಗೆ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. 16 ಪಿಕ್ಸೆಲ್ ಗಾತ್ರದಲ್ಲಿ 1000 ಯೂನಿಟ್ ಎಂದರೆ 16 ಪಿಕ್ಸೆಲ್, ಆದ್ದರಿಂದ 20 ಯೂನಿಟ್ ಎಂದರೆ 0.32 ಪಿಕ್ಸೆಲ್. ಒಂದು ಪಿಕ್ಸೆಲಿನ ಮೂರನೇ ಒಂದು ಭಾಗದಷ್ಟು ಅಗಲದ ಗೆರೆಯನ್ನು ಪರದೆ ಕಪ್ಪಾಗಿ ತೋರಿಸಲಾರದು. ಇಡೀ ಪಿಕ್ಸೆಲನ್ನು ತಿಳಿಬೂದು ಮಾಡಿ ತೋರಿಸುತ್ತದೆ. ಅದೇ ಸಾಲಿನ ಮುಖ್ಯಾಕ್ಷರದ ದಪ್ಪ ಗೆರೆ 1.47 ಪಿಕ್ಸೆಲ್ ಇರುವುದರಿಂದ ಅದು ಗಟ್ಟಿ ಕಪ್ಪಾಗಿ ನಿಲ್ಲುತ್ತದೆ. ಕಾಗದದಲ್ಲಿ 11 ಪಾಯಿಂಟಿಗೆ ಲೆಕ್ಕ ಹಾಕಿದರೆ 20 ಯೂನಿಟ್ ಸುಮಾರು 0.08 ಮಿಲಿಮೀಟರ್ ಆಗುತ್ತದೆ. ಅಂಗುಲಕ್ಕೆ 600 ಚುಕ್ಕೆ ಹಾಕುವ ಲೇಸರ್ ಮುದ್ರಕದಲ್ಲಿ ಒಂದು ಚುಕ್ಕೆ ಸುಮಾರು 0.042 ಮಿಲಿಮೀಟರ್. ಹೀಗಾಗಿ ಒತ್ತಿನ ತೆಳು ಗೆರೆಗೆ ಎರಡು ಚುಕ್ಕೆಯೂ ಪೂರ್ತಿ ದಕ್ಕುವುದಿಲ್ಲ. ಕೆಲವು ಕಡೆ ಎರಡು ಬಿದ್ದು ಕೆಲವು ಕಡೆ ಒಂದೇ ಬೀಳುವುದರಿಂದ ಒಂದೇ ಪುಟದಲ್ಲಿ ಒಂದೇ ಒತ್ತು ಒಮ್ಮೆ ಗಟ್ಟಿಯಾಗಿ, ಒಮ್ಮೆ ಮುರಿದಂತೆ ಕಾಣುತ್ತದೆ. ಭೂತಗನ್ನಡಿಯಲ್ಲಿ ‘ಇದ್ದ’ ಎಂಬ ಪದವನ್ನು ಪುಟದ ನಾಲ್ಕಾರು ಕಡೆ ಹುಡುಕಿ ನೋಡಿದರೆ ಈ ಏರುಪೇರು ಕಣ್ಣಿಗೇ ಬೀಳುತ್ತದೆ.

ಓದುಗರ ಆಯಾಸಕ್ಕೆ ವಿವರಣೆ ಇಲ್ಲಿದೆ. ಸಾಲಿನ ಮೇಲಿರುವುದು ಒಂದು ಕಪ್ಪಿನಲ್ಲಿ, ಸಾಲಿನ ಕೆಳಗಿರುವುದು ಇನ್ನೊಂದು ಕಪ್ಪಿನಲ್ಲಿ ಇದ್ದಾಗ ‘ಇದ್ದ’ ಪದದಲ್ಲಿ ‘ಇದ’ ಮೊದಲು ಕಂಡು, ಒತ್ತು ಆಮೇಲೆ ಕಾಣುತ್ತದೆ. ‘ಅಲ್ಲಿ’ ಮತ್ತು ‘ಅಲಿ’, ‘ಹತ್ತಿ’ ಮತ್ತು ‘ಹತಿ’ ನಡುವಿನ ವ್ಯತ್ಯಾಸವನ್ನು ಹೊತ್ತಿರುವುದು ಸಾಲಿನ ಕೆಳಗಿನ ಭಾಗವಾದ್ದರಿಂದ ಅದು ಮೈಯಷ್ಟೇ ಬೇಗ ಕಣ್ಣಿಗೆ ತಾಗಬೇಕು. ಒಂದು ಪದದಲ್ಲಿ ಇದು ಗಮನಕ್ಕೇ ಬಾರದಷ್ಟು ಸಣ್ಣ ತಡೆ, ಆದರೆ ಪುಟ ಪುಟವೂ ಇಂಥ ಪದಗಳಿಂದಲೇ ತುಂಬಿದೆ.

ಈ ದೋಷ ಹಿಂದಿನ ಅಚ್ಚುಮೊಳೆಗಳ ಕಾಲಕ್ಕಿಂತ ಈಗ ಹೆಚ್ಚಲು ಒಂದು ಕಾರಣವಿದೆ. ಸೀಸದ ಮೊಳೆಗಳಿದ್ದಾಗ ಪ್ರತಿಯೊಂದು ಗಾತ್ರಕ್ಕೂ ಬೇರೆಯೇ ಅಚ್ಚು ಕೊರೆಯಬೇಕಿತ್ತು, ಆದ್ದರಿಂದ ಸಣ್ಣ ಗಾತ್ರದ ತೆಳು ಗೆರೆಯನ್ನು ಕೊರೆಯುವವರೇ ಒಂದಿಷ್ಟು ಗಟ್ಟಿ ಮಾಡಬಹುದಾಗಿತ್ತು. ಮುದ್ರಣದಲ್ಲಿ ಶಾಯಿ ಒತ್ತಿ ಹರಡುವುದರಿಂದಲೂ ತೆಳು ಗೆರೆ ಕಾಗದದ ಮೇಲೆ ಕೊಂಚ ದಪ್ಪವಾಗುತ್ತಿತ್ತು. ಈಗ ಒಂದೇ ರೇಖಾಕೃತಿ ಎಲ್ಲ ಗಾತ್ರಕ್ಕೂ ಹಿಗ್ಗುತ್ತ ಕುಗ್ಗುತ್ತ ಹೋಗುತ್ತದೆ, ಪರದೆಯಲ್ಲಿ ಶಾಯಿಯೂ ಇಲ್ಲ. ಹಳೆಯ ಪುಸ್ತಕದ ಮುದ್ರಿತ ಅಕ್ಷರವನ್ನು ಮಾದರಿಯಾಗಿ ಇಟ್ಟುಕೊಂಡು ಡಿಜಿಟಲ್ ಫಾಂಟು ಮಾಡುವವರು, ತಾವು ಅಳೆಯುತ್ತಿರುವುದು ಶಾಯಿ ಹರಡಿದ ಮೇಲಿನ ದಪ್ಪವನ್ನು ಎಂಬುದನ್ನು ನೆನಪಿಡಬೇಕು.

ತಿದ್ದುಪಡಿ

ಮೊದಲು ಮುಖ್ಯಾಕ್ಷರದ ಅಂತರವನ್ನು ಇಳಿಸಬೇಕು. ದಪ್ಪ ಗೆರೆಯನ್ನು 92ರಿಂದ 84ಕ್ಕೆ ಇಳಿಸಿ, ತೆಳು ಗೆರೆಯನ್ನು 34ರಿಂದ 48ಕ್ಕೆ ಏರಿಸಿದರೆ ಅನುಪಾತ 1.75ಕ್ಕೆ ಬರುತ್ತದೆ. ಎರಡನ್ನೂ ಒಟ್ಟಿಗೆ ಮಾಡುವುದು ಅಗತ್ಯ. ತೆಳುವನ್ನು ಮಾತ್ರ ಏರಿಸಿದರೆ ಪುಟದ ಒಟ್ಟು ಕಪ್ಪು ಹೆಚ್ಚಿ ಓದುಗರು ಫಾಂಟು ದಪ್ಪವಾಯಿತು ಎನ್ನುತ್ತಾರೆ. ಹೀಗೆ ಮಾಡಿದ ಮೇಲೂ ಬಾಗು ಬಳುಕಿನ ಸೊಗಸು ಉಳಿದಿರುತ್ತದೆಯೇ ಎಂಬ ಆತಂಕ ಬೇಡ, ಓದುವ ಗಾತ್ರದಲ್ಲಿ 1.75 ಪಟ್ಟಿನ ಏರಿಳಿತವೂ ಚೆನ್ನಾಗಿಯೇ ಕಾಣುತ್ತದೆ.

ಆಮೇಲೆ ಒತ್ತಕ್ಷರಗಳನ್ನು ಕುಗ್ಗಿಸಿ ಇಡುವುದನ್ನು ಬಿಟ್ಟು ಒಂದೊಂದನ್ನೂ ಹೊಸದಾಗಿ ಬರೆಯಬೇಕು. ನಾನು ಪಾಲಿಸುವ ಅಳತೆ ಇದು: ಒತ್ತಿನ ತೆಳು ಗೆರೆ ಮುಖ್ಯಾಕ್ಷರದ ತೆಳು ಗೆರೆಯ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆಯಿರಬಾರದು, ದಪ್ಪ ಗೆರೆ ಸುಮಾರು ನೂರಕ್ಕೆ 85ರಷ್ಟಿದ್ದರೆ ಸಾಕು. ನಮ್ಮ ಉದಾಹರಣೆಯಲ್ಲಿ ಅದು 44 ಮತ್ತು 72 ಆಗುತ್ತದೆ. ಒತ್ತಿನಲ್ಲಿ ಏರಿಳಿತ ಮುಖ್ಯಾಕ್ಷರಕ್ಕಿಂತಲೂ ಕಡಿಮೆಯಾಯಿತು ಎಂಬುದನ್ನು ಗಮನಿಸಿ. ಚಿಕ್ಕದಾದಷ್ಟೂ ಗೆರೆ ಸಮದಪ್ಪಕ್ಕೆ ಹತ್ತಿರವಾಗಬೇಕು. ಈಗ 16 ಪಿಕ್ಸೆಲಿನಲ್ಲಿ ಒತ್ತಿನ ತೆಳು ಗೆರೆ 0.70 ಪಿಕ್ಸೆಲ್, ಮುಖ್ಯಾಕ್ಷರದ್ದು 0.77 ಪಿಕ್ಸೆಲ್. ಎರಡೂ ಒಂದೇ ಕಪ್ಪಿನಲ್ಲಿ ಕಾಣುತ್ತವೆ. ಕಾಗದದಲ್ಲಿ 11 ಪಾಯಿಂಟಿಗೆ 44 ಯೂನಿಟ್ 0.17 ಮಿಲಿಮೀಟರ್, ಅಂದರೆ ಲೇಸರ್ ಮುದ್ರಕದ ನಾಲ್ಕು ಚುಕ್ಕೆ.

ಗೆರೆ ದಪ್ಪವಾದರೆ ಒಳಜಾಗ ಕಿರಿದಾಗುತ್ತದೆ, ಇದನ್ನು ಮರೆತವರು ಮಾಸುವ ದೋಷವನ್ನು ತೆಗೆದು ಮಸಿ ಕಟ್ಟುವ ದೋಷವನ್ನು ತಂದುಕೊಳ್ಳುತ್ತಾರೆ. ಹಳೆಯ ಒತ್ತಿನ ಎತ್ತರ 249 ಯೂನಿಟ್ ಇತ್ತು. ಮೇಲೆ ಕೆಳಗೆ ತಲಾ 20 ಯೂನಿಟ್ ಗೆರೆ ಕಳೆದರೆ ಒಳಜಾಗ 209. ಎತ್ತರ ಬದಲಿಸದೆ ಗೆರೆಯನ್ನು 44 ಮಾಡಿದರೆ ಒಳಜಾಗ 161ಕ್ಕೆ ಇಳಿಯುತ್ತದೆ, ಅಂದರೆ ಸುಮಾರು ನಾಲ್ಕನೇ ಒಂದು ಪಾಲು ಕರಗುತ್ತದೆ. ಆದ್ದರಿಂದ ಒತ್ತಿನ ಎತ್ತರವನ್ನು 290ಕ್ಕೆ ಏರಿಸಿ ಒಳಜಾಗವನ್ನು 202ಕ್ಕೆ ತಂದುಕೊಳ್ಳಬೇಕು. ಈ ಹೆಚ್ಚಿನ 41 ಯೂನಿಟ್ ಸಾಲಿನ ಕೆಳಕ್ಕೆ ಹೋಗುತ್ತದೆ. ಮೈ ಮತ್ತು ಒತ್ತಿನ ನಡುವೆ 40 ಯೂನಿಟ್ ತೆರಪು ಇದ್ದರೆ, ಒತ್ತಿನ ಅಡಿ 289ರಿಂದ 330ಕ್ಕೆ ಇಳಿಯಿತು. ಸಾಲಂತರ 11 ಪಾಯಿಂಟಿಗೆ 16 ಇದ್ದದ್ದನ್ನು 16.5 ಮಾಡಿದರೆ ಸಾಲುಗಳ ನಡುವಿನ ಬಿಳಿ ಮೊದಲಿನಷ್ಟೇ ಉಳಿಯುತ್ತದೆ. ಪುಸ್ತಕದ ಪುಟಸಂಖ್ಯೆ ಕೊಂಚ ಹೆಚ್ಚಬಹುದು, ಆದರೆ ಓದಲು ಆಗದ ಒತ್ತಿಗೆ ಹೋಲಿಸಿದರೆ ಇದು ನ್ಯಾಯವಾದ ಬೆಲೆ.

ಒತ್ತು ಕೆಳಗಿಳಿದಾಗ ಫಾಂಟಿನೊಳಗಿನ ಎತ್ತರ-ಆಳದ ಅಂಕಿಗಳನ್ನೂ ತಿದ್ದದಿದ್ದರೆ ವಿಂಡೋಸಿನ ಕೆಲವು ತಂತ್ರಾಂಶಗಳಲ್ಲಿ ಒತ್ತಿನ ಅಡಿ ಕತ್ತರಿಸಿದಂತೆ ಕಾಣುತ್ತದೆ. ಅಂಕಿಗಳನ್ನು ಹೀಗೆ ತೆಗೆದು ನೋಡಬಹುದು:

```
ttx -t OS/2 -t hhea MyFont.ttf
```

ಇದರಲ್ಲಿ usWinDescent ಅಂಕಿ ಫಾಂಟಿನ ಅತಿ ಆಳದ ರೂಪಕ್ಕಿಂತ ಕಡಿಮೆಯಿರಬಾರದು. ಅತಿ ಆಳದ ರೂಪ ಒಂಟಿ ಒತ್ತಲ್ಲ. ‘ರಾಷ್ಟ್ರ’, ‘ಸ್ತ್ರೀ’ ಪದಗಳಲ್ಲಿ ಎರಡು ಒತ್ತುಗಳು ಒಂದೇ ಅಕ್ಷರಕ್ಕೆ ಬರುತ್ತವೆ, ಅವು ಎಲ್ಲಿಯವರೆಗೆ ಇಳಿಯುತ್ತವೆ ಎಂದು ಅಳೆದು ಅಂಕಿ ಕೊಡಬೇಕು.

‘ಅರ್ಥ’ ಮತ್ತು ‘ಅರ್ಧ’

ಒತ್ತಕ್ಷರ ಸರಿಹೋದ ಮೇಲೂ ಕೆಲವು ಪದಗಳಲ್ಲಿ ತಡವರಿಕೆ ಉಳಿದರೆ ಅಗಲದ ಅನುಪಾತವನ್ನು ನೋಡಬೇಕು. ಕನ್ನಡದಲ್ಲಿ ಹಲವು ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಪುಟ್ಟ ಗುರುತು ಮಾತ್ರ. ‘ದ’ದ ಅಡಿಯಲ್ಲಿ ಒಂದು ಸೀಳು ಬಂದರೆ ‘ಧ’, ಅದರ ಹೊಟ್ಟೆಯೊಳಗೆ ಒಂದು ಚುಕ್ಕೆಯೂ ಬಂದರೆ ‘ಥ’. ‘ರ’ದೊಳಗೆ ಚುಕ್ಕೆ ಬಂದರೆ ‘ಠ’, ‘ಪ’ದೊಳಗೆ ಓರೆಗೆರೆ ಬಂದರೆ ‘ಷ’. ವಾಕ್ಯದ ಸಂದರ್ಭ ಬಹುಪಾಲು ನೆರವಿಗೆ ಬರುತ್ತದೆ, ಆದರೆ ‘ಅರ್ಥ’ ಮತ್ತು ‘ಅರ್ಧ’, ‘ದನ’ ಮತ್ತು ‘ಧನ’, ‘ಪದ’ ಮತ್ತು ‘ಪಥ’ ಇಂಥ ಜೋಡಿಗಳಲ್ಲಿ ಎರಡೂ ಅರ್ಥವುಳ್ಳ ಪದಗಳೇ.

ನಮ್ಮ ಉದಾಹರಣೆಯ ‘ಥ’ವನ್ನು ಹತ್ತಿರದಿಂದ ನೋಡೋಣ. ಅದರ ಹೊಟ್ಟೆಯ ಒಳಜಾಗ 180 ಯೂನಿಟ್ ಅಗಲ, ಚುಕ್ಕೆಯ ಅಡ್ಡಳತೆ 60, ಆದ್ದರಿಂದ ಚುಕ್ಕೆಯ ಎಡಬಲಕ್ಕೆ ತಲಾ 60 ಯೂನಿಟ್ ಬಿಳಿ. 16 ಪಿಕ್ಸೆಲಿನಲ್ಲಿ ಚುಕ್ಕೆಯೂ ಬಿಳಿಯೂ ಒಂದೊಂದು ಪಿಕ್ಸೆಲಿಗಿಂತ ಕೊಂಚ ಕಡಿಮೆ. ಚುಕ್ಕೆ ಪಿಕ್ಸೆಲುಗಳ ಸಾಲಿಗೆ ಸರಿಯಾಗಿ ಕೂತಾಗ ಕಾಣುತ್ತದೆ, ಎರಡು ಪಿಕ್ಸೆಲುಗಳ ನಡುವೆ ಬಿದ್ದಾಗ ಹೊಟ್ಟೆಯೆಲ್ಲ ಬೂದಾಗಿ ‘ಥ’ ‘ಧ’ದಂತೆ ಕಾಣುತ್ತದೆ. ಚುಕ್ಕೆಯನ್ನು 90 ಯೂನಿಟ್ ಮಾಡೋಣ ಎಂದು ಮೊದಲಿಗೆ ತೋಚುತ್ತದೆ. ಆಗ ಎಡಬಲದ ಬಿಳಿ 45ಕ್ಕೆ, ಅಂದರೆ 0.72 ಪಿಕ್ಸೆಲಿಗೆ ಇಳಿದು ಹೊಟ್ಟೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಗುರುತನ್ನು ದೊಡ್ಡದು ಮಾಡುವುದರಿಂದ ಗುರುತು ಕಾಣುವುದಿಲ್ಲ, ಅದರ ಸುತ್ತಲಿನ ಬಿಳಿಯನ್ನು ಹೆಚ್ಚಿಸುವುದರಿಂದ ಕಾಣುತ್ತದೆ. ಹೊಟ್ಟೆಯನ್ನೇ 230 ಯೂನಿಟ್ ಅಗಲಿಸಿ ಚುಕ್ಕೆಯನ್ನು 84 ಮಾಡಿದರೆ ಚುಕ್ಕೆ 1.34 ಪಿಕ್ಸೆಲ್, ಎಡಬಲದ ಬಿಳಿ ತಲಾ 1.17 ಪಿಕ್ಸೆಲ್. ಈಗ ಎಲ್ಲಿ ಬಿದ್ದರೂ ಚುಕ್ಕೆ ಉಳಿಯುತ್ತದೆ.

‘ಥ’ ಅಗಲವಾದರೆ ಅದರ ಒಡನಾಡಿಗಳಾದ ‘ದ’, ‘ಧ’ಗಳನ್ನೂ ತುಸು ಅಗಲಿಸಬೇಕು, ಇಲ್ಲದಿದ್ದರೆ ಒಂದೇ ಮನೆತನದ ಅಕ್ಷರಗಳು ಬೇರೆ ಬೇರೆ ಫಾಂಟಿನವು ಎನಿಸುತ್ತವೆ. ಆದರೆ ಎಲ್ಲ ಅಕ್ಷರಗಳನ್ನೂ ಒಂದೇ ಅಗಲಕ್ಕೆ ತರಲು ಹೋಗಬಾರದು. ‘ರ’, ‘ಗ’ ಕಿರಿದಾಗಿ, ‘ಮ’, ‘ಯ’, ‘ಘ’ ಅಗಲವಾಗಿ ಇರುವುದೇ ಈ ಲಿಪಿಯ ಹದ. ‘ಮ’ವನ್ನು ಸಾಲಿನಲ್ಲಿ ಜಾಗ ಉಳಿಸಲೆಂದು ಹಿಂಡಿದ ಫಾಂಟುಗಳಲ್ಲಿ ‘ವನ’ ಮತ್ತು ‘ಮನ’ ಒಂದಕ್ಕೊಂದು ಹತ್ತಿರವಾಗಿಬಿಡುತ್ತವೆ. ಸೀಳಿಗೂ ಇದೇ ಮಾತು. ಅಡಿಗೆರೆಯ ಬಾಗಿನಲ್ಲಿ 60 ಯೂನಿಟ್ ಉದ್ದದ ಸೀಳು ಓದುವ ಗಾತ್ರದಲ್ಲಿ ಬಾಗಿನ ಭಾಗವಾಗಿಯೇ ಕಾಣುತ್ತದೆ, 110ರಷ್ಟಿದ್ದರೆ ಬೇರೆಯಾಗಿ ನಿಲ್ಲುತ್ತದೆ. ಆದರೆ ಸೀಳು ಒತ್ತಿನ ಜಾಗಕ್ಕೆ ಇಳಿಯುವುದರಿಂದ ‘ಬುದ್ಧ’, ‘ಸಿದ್ಧ’ ಪದಗಳಲ್ಲಿ ಧ-ಒತ್ತಿನ ಸೀಳು ಎಲ್ಲಿಗೆ ಮುಟ್ಟುತ್ತದೆ ಎಂದು ಅದನ್ನೂ ಆಳದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ದಪ್ಪ ಎಲ್ಲಿ ಕೂರಬೇಕು

ದಪ್ಪವನ್ನು ಬಾಗುಗಳ ಪಕ್ಕದಲ್ಲಿ ಇಡಬೇಕೋ, ಮೇಲೆ ಕೆಳಗೆ ಇಡಬೇಕೋ ಎಂಬ ಪ್ರಶ್ನೆಗೆ ಎರಡೂ ಬಗೆಯ ಫಾಂಟುಗಳು ಇವೆ. ತಾಳೆಗರಿಯ ಮೇಲೆ ಮೊನೆಯಾದ ಕಬ್ಬಿಣದ ಕಂಟದಿಂದ ಕೊರೆದ ಗೆರೆ ಬಹುಮಟ್ಟಿಗೆ ಸಮದಪ್ಪವಾಗಿರುತ್ತದೆ, ಚಪ್ಪಟೆ ತುದಿಯ ಲೇಖನಿಯಿಂದ ಕಾಗದದ ಮೇಲೆ ಬರೆದಾಗ ತುದಿಯನ್ನು ಹಿಡಿದ ಓರೆಗೆ ತಕ್ಕಂತೆ ದಪ್ಪ ಬೇರೆ ಬೇರೆ ಕಡೆ ಬೀಳುತ್ತದೆ. ಹೀಗಾಗಿ ಪರಂಪರೆಯ ಹೆಸರಿನಲ್ಲಿ ಒಂದನ್ನೇ ಸರಿ ಎನ್ನುವುದಕ್ಕಿಂತ ಲೆಕ್ಕ ಹಾಕುವುದು ಮೇಲು. ‘ದ್ದ’ದ ನಡುವೆ ಮೇಲಿಂದ ಕೆಳಕ್ಕೆ ಒಂದು ನೇರ ಗೆರೆ ಎಳೆದರೆ ಅದು ತಲೆಕಟ್ಟು, ಮೈಯ ಅಡಿಬಾಗು, ಒತ್ತಿನ ಮೇಲ್ಬಾಗು, ಒತ್ತಿನ ಅಡಿಬಾಗು ಹೀಗೆ ಕನಿಷ್ಠ ನಾಲ್ಕು ಅಡ್ಡಗೆರೆಗಳನ್ನು ದಾಟುತ್ತದೆ. ಈ ನಾಲ್ಕೂ ದಪ್ಪವಾದರೆ ನಡುವಿನ ಬಿಳಿ ಇಕ್ಕಟ್ಟಾಗುತ್ತದೆ, ಮತ್ತು ಎತ್ತರವನ್ನು ಬೇಕಾದಷ್ಟು ಹೆಚ್ಚಿಸಲು ಸಾಲಂತರ ಬಿಡುವುದಿಲ್ಲ. ಅಗಲಕ್ಕೆ ಅಂಥ ಕಟ್ಟುಪಾಡಿಲ್ಲ. ಆದ್ದರಿಂದ ಒತ್ತುಗಳು ಹೆಚ್ಚಿರುವ ದೀರ್ಘ ಪಠ್ಯಕ್ಕೆ ಪಕ್ಕದ ಗೆರೆಯಲ್ಲಿ ದಪ್ಪವಿಟ್ಟು ಅಗಲದಲ್ಲಿ ಉದಾರವಾಗಿರುವುದು ಹೆಚ್ಚು ಸುರಕ್ಷಿತ ಎಂದು ನನಗೆ ತೋರುತ್ತದೆ. ಅಡ್ಡಗೆರೆಯಲ್ಲಿ ದಪ್ಪವಿಡುವವರು ಅನುಪಾತವನ್ನು ಇನ್ನೂ ಕಡಿಮೆ ಇಟ್ಟುಕೊಳ್ಳಬೇಕಾಗುತ್ತದೆ. ಯಾವುದನ್ನೇ ಆರಿಸಿದರೂ ಮೈಯಲ್ಲಿ ಒಂದು ಕ್ರಮ, ಒತ್ತಿನಲ್ಲಿ ಇನ್ನೊಂದು ಕ್ರಮ ಇರಬಾರದು. ಮಸುಕುಗೊಳಿಸಿದ ಪುಟದಲ್ಲಿ ಒತ್ತುಗಳ ಸಾಲು ಅಡ್ಡ ಪಟ್ಟೆಯಾಗಿ ಕಂಡರೆ ಈ ಬೆರಕೆ ಆಗಿದೆ ಎಂದು ತಿಳಿಯಬೇಕು.

ಮರುಪರೀಕ್ಷೆ ಮತ್ತು ಮಿತಿಗಳು

ತಿದ್ದಿದ ಫಾಂಟನ್ನು ಮೊದಲು ಪರದೆಯ ಗಾತ್ರದಲ್ಲೇ ಚಿತ್ರವಾಗಿ ತೆಗೆದು ನೋಡಬೇಕು. ಹಾರ್ಫ್‌ಬಜ್ ಜೊತೆಗೆ ಬರುವ ಈ ಆಜ್ಞೆ ಅದಕ್ಕೆ ಸಾಕು:

```
hb-view --font-size=16 --output-format=png --output-file=out.png MyFont.ttf "ಅರ್ಥ ಅರ್ಧ ದನ ಧನ ಇದ್ದಲ್ಲಿ ಎಲ್ಲಕ್ಕಿಂತ ರಾಷ್ಟ್ರ"
```

‘ಇದ್ದಲ್ಲಿ’, ‘ಎಲ್ಲಕ್ಕಿಂತ’ ಪದಗಳನ್ನು ಸೇರಿಸಿರುವುದು ಪಕ್ಕಪಕ್ಕದ ಒತ್ತುಗಳು ಒಂದಕ್ಕೊಂದು ತಾಗುತ್ತವೆಯೇ ಎಂದು ನೋಡಲು. ಒತ್ತುಗಳನ್ನು ಹಿರಿದು ಮಾಡಿದ ಮೇಲೆ ಈ ತೊಂದರೆ ಹೊಸದಾಗಿ ಹುಟ್ಟುತ್ತದೆ. ತಾಗಿದರೆ ಒತ್ತನ್ನು ಮತ್ತೆ ಕುಗ್ಗಿಸಬೇಡಿ, ಆ ಜೋಡಿಯ ಮುಖ್ಯಾಕ್ಷರಗಳ ನಡುವಿನ ತೆರಪನ್ನು ಹೆಚ್ಚಿಸಿ. ಆಮೇಲೆ ಒಂದು ಪೂರ್ಣ ಅಧ್ಯಾಯವನ್ನು ಕಾಗದದಲ್ಲಿ ಮುದ್ರಿಸಿ, ಫಾಂಟಿನ ಬಗ್ಗೆ ಏನೂ ಹೇಳದೆ ಓದಲು ಕೊಟ್ಟು, ಎಲ್ಲಿ ಹಿಂದಕ್ಕೆ ಹೋಗಿ ಓದಬೇಕಾಯಿತೋ ಅಲ್ಲಿ ಅಂಚಿನಲ್ಲಿ ಗೀಟು ಹಾಕುವಂತೆ ಕೇಳಬೇಕು. ಗೀಟುಗಳು ಒತ್ತು ಅಥವಾ ಮಹಾಪ್ರಾಣ ಇರುವ ಪದಗಳ ಸುತ್ತ ಗುಂಪುಗೂಡಿದ್ದರೆ ಅಳತೆಗೆ ಮರಳಬೇಕು, ಪುಟದಲ್ಲಿ ಚದುರಿದ್ದರೆ ದೋಷ ಬಹುಶಃ ಪಠ್ಯದಲ್ಲೋ ಸಾಲಿನ ಉದ್ದದಲ್ಲೋ ಇದೆ.

ಮೇಲಿನ ಅಂಕಿಗಳು 10ರಿಂದ 12 ಪಾಯಿಂಟಿನ ಪಠ್ಯಕ್ಕೆ ಹೊಂದುತ್ತವೆ. ಅಡಿಟಿಪ್ಪಣಿಯ 8 ಪಾಯಿಂಟಿಗೆ ಇದೇ 44 ಯೂನಿಟಿನ ಗೆರೆ 0.12 ಮಿಲಿಮೀಟರಿಗೆ ಇಳಿಯುತ್ತದೆ, ಆದ್ದರಿಂದ ಅಲ್ಲಿಗೆ ಏರಿಳಿತ ಇನ್ನೂ ಕಡಿಮೆಯಿರುವ ಬೇರೆ ರೂಪ ಬೇಕು. ವೇರಿಯಬಲ್ ಫಾಂಟಿನಲ್ಲಿ opsz ಎಂಬ ಅಕ್ಷ ಇಟ್ಟು ಗಾತ್ರಕ್ಕೆ ತಕ್ಕಂತೆ ಗೆರೆ ಬದಲಾಗುವಂತೆ ಮಾಡಬಹುದು, ಆಗ ಶೀರ್ಷಿಕೆಗೆ ಮೊದಲಿನ 2.7 ಪಟ್ಟಿನ ಸೊಗಸನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಬೋಲ್ಡಿನ ಕಥೆ ಬೇರೆ. ಅಲ್ಲಿ ಮುಖ್ಯಾಕ್ಷರದ ಗೆರೆ 140 ಯೂನಿಟಿಗೆ ಏರಿದಾಗ ಒತ್ತಿಗೆ ನೂರಕ್ಕೆ 85ರ ನಿಯಮ ಹೊಂದುವುದಿಲ್ಲ, ಒಳಜಾಗ ಮುಚ್ಚಿಯೇ ಹೋಗುತ್ತದೆ. ಬೋಲ್ಡಿನಲ್ಲಿ ಒತ್ತಿನ ದಪ್ಪ ಗೆರೆಯನ್ನು 100ರ ಆಸುಪಾಸಿನಲ್ಲಿ ನಿಲ್ಲಿಸಿ, ಅದು ಮೈಗಿಂತ ತಿಳಿಯಾಗಿ ಕಾಣುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಬೋಲ್ಡಿನಲ್ಲಿ ಯಾರೂ ಅಧ್ಯಾಯಗಟ್ಟಲೆ ಓದುವುದಿಲ್ಲವಾದ್ದರಿಂದ ಆ ರಾಜಿಯಿಂದ ಓದಿಗೆ ತೊಂದರೆಯಾಗುವುದಿಲ್ಲ.